ಬರೀ ಎಣ್ಣೆ ಅಲ್ವಾ

"ಸರ್, ಗಾಂಜಾ ಇಟ್ಕೊಂಡ್ರೆ ಜೈಲು, ಎಣ್ಣೆಗೆ ಗಲ್ಲಿಗೊಂದು ಅಂಗಡಿ. ಅಂದ್ರೆ ಗಾಂಜಾನೇ ಹೆಚ್ಚು ಡೇಂಜರ್ ತಾನೆ?"

ಅಲ್ಲ. ಕಾನೂನಿನ ನಿಷೇಧದ ಪಟ್ಟಿ ಹುಟ್ಟಿದ್ದು ಅಪಾಯ ಅಳೆದು ಅಲ್ಲ.

ಒಂದೇ ಗಿಡ ತಗೊಳ್ಳಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರೆಯಾಗಿರುವ ಎಲೆ ಗಾಂಜಾ ಅಲ್ಲ. ಹಾಗಾಗಿ ಬರೀ ಎಲೆ ಅರೆದು ಮಾಡಿದ ಭಾಂಗ್ ಈ ಕಾಯ್ದೆಯ ಹೊರಗಿದೆ. 2022ರಲ್ಲಿ ನಮ್ಮ ಹೈಕೋರ್ಟ್ ಇದೇ ಕಾರಣ ಕೊಟ್ಟು ಒಬ್ಬರಿಗೆ ಜಾಮೀನು ನೀಡಿತು. ಎಲೆಯಲ್ಲೂ ಅಮಲೇರಿಸುವ ಅದೇ ಟಿಎಚ್‌ಸಿ ಇದೆ, ಪ್ರಮಾಣ ಕಡಿಮೆ ಅಷ್ಟೆ. ಗಟ್ಟಿಯಾಗಿ ಅರೆದು ದೊಡ್ಡ ಲೋಟ ಕುಡಿದವನಿಗೆ ಗಾಂಜಾ ಬೀಡಿ ಸೇದಿದವನಿಗಿಂತ ಜಾಸ್ತಿ ಏರಬಹುದು. ಗೆರೆ ಹಾಗೆ ಬಿದ್ದದ್ದಕ್ಕೆ ಕಾರಣ 1961ರ ಅಂತರರಾಷ್ಟ್ರೀಯ ಒಪ್ಪಂದ. ಅದರ ವ್ಯಾಖ್ಯೆಯೇ ಎಲೆಯನ್ನು ಹೊರಗಿಟ್ಟಿತ್ತು, ನಮ್ಮ ಕಾಯ್ದೆಯೂ ಅದೇ ಜಾಡು ಹಿಡಿಯಿತು. ಇಲ್ಲಿ ಹೋಳಿ, ಶಿವರಾತ್ರಿಗೆ ಭಾಂಗ್ ಕುಡಿಯುವ ರೂಢಿಯೂ ಹಳೆಯದು. ಮದ್ಯವಂತೂ ಆ ಪಟ್ಟಿಗೆ ಬರಲೇ ಇಲ್ಲ. ಅದು ಸಂವಿಧಾನದಲ್ಲಿ ರಾಜ್ಯಗಳ ವಿಷಯ, ರಾಜ್ಯಗಳಿಗೆ ಅಬಕಾರಿ ಆದಾಯ.

ಗಾಂಜಾ ನಿರುಪದ್ರವಿ ಅಂತ ನಾನು ಹೇಳುತ್ತಿಲ್ಲ. ಹದಿಹರೆಯದಲ್ಲಿ ದಿನಾ ಸೇದಿ ತಲೆ ಕೆಟ್ಟ ಹುಡುಗರನ್ನು ನಾನೇ ವಾರ್ಡಿಗೆ ಸೇರಿಸಿಕೊಂಡಿದ್ದೇನೆ. ನನಗೆ ಸಿಟ್ಟು ಬರುವುದು ಪ್ರಶ್ನೆಯೊಳಗಿನ ‘ಬರೀ ಎಣ್ಣೆ ತಾನೆ’ ಅನ್ನುವ ಸಮಾಧಾನ ಕಂಡಾಗ.

ಒಮ್ಮೆ ಒಬ್ಬಾಕೆ ಗಂಡನನ್ನು ಕರೆತಂದರು. ಇಪ್ಪತ್ತು ವರ್ಷ ದಿನಾ ಕುಡಿದವರು. ಮಗಳ ನಿಶ್ಚಿತಾರ್ಥ ಅಂತ ಮೂರು ದಿನದ ಹಿಂದೆ ಒಂದೇ ಏಟಿಗೆ ಬಿಟ್ಟಿದ್ದರು. ಕೈ ನಡುಗಿ ನೀರಿನ ಲೋಟ ಹಲ್ಲಿಗೆ ಟಕಟಕ ಬಡಿಯುತ್ತಿತ್ತು. ಹಾಸಿಗೆ ಮೇಲೆ ಇಲ್ಲದ ಇರುವೆ ಕೊಡವುತ್ತಿದ್ದರು. ಹಿಂದಿನ ದಿನ ಒಮ್ಮೆ ಫಿಟ್ಸ್ ಬಂದಿತ್ತು. ಆಕೆ ನನ್ನ ಕಡೆ ತಿರುಗಿ, "ಪುಣ್ಯಕ್ಕೆ ಡ್ರಗ್ಸ್ ಏನಿಲ್ಲ ಸರ್, ಬರೀ ಎಣ್ಣೆ" ಅಂದರು.

ಅಮ್ಮಾ, ಇದು ಆ ಎಣ್ಣೆಯೇ. ಇಷ್ಟು ವರ್ಷ ಮೆದುಳನ್ನು ಅದುಮಿ ಹಿಡಿದ ಮದ್ಯ ಏಕಾಏಕಿ ನಿಂತರೆ ಮೆದುಳು ಹದ ತಪ್ಪಿ ಕೆರಳುತ್ತದೆ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನದಲ್ಲಿ, ಸನ್ನಿ ಎರಡು ಮೂರು ದಿನ ಕಳೆದ ಮೇಲೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಗಾಂಜಾ ಬಿಟ್ಟವನಿಗೆ ನಿದ್ದೆಗೇಡು, ಸಿಡಿಮಿಡಿ, ಹಸಿವಿಲ್ಲ. ಬಿಟ್ಟಿದ್ದಕ್ಕೇ ಸಾಯುವುದು ಅಂತಿಲ್ಲ. ನಾವು ಕೆರಳಿದ ಮೆದುಳನ್ನು ತಣಿಸುವ ಲೊರಾಜೆಪಾಮ್ ಕೊಟ್ಟೆವು, ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಹಾಕಿದೆವು. ಆ ಜೀವಸತ್ವ ಬರಿದಾದ ಮೈಗೆ ಬರೀ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಪೆಟ್ಟು ಬೀಳಬಹುದು. ಐದನೇ ದಿನ ಅವರು ಮಗಳ ಹೆಸರು ಹಿಡಿದು ಕರೆದರು.

ನನ್ನನ್ನು ಕೇಳಬೇಕಾದದ್ದು ಬೇರೆ: "ದಿನಾ ಕುಡಿಯೋರು ನಿಲ್ಲಿಸ್ತೀನಿ ಅಂತಿದ್ದಾರೆ, ಮನೇಲೇ ನಿಲ್ಲಿಸಬಹುದಾ?" ಬೆಳಗ್ಗೆ ಎದ್ದಾಗಲೇ ಕೈ ನಡುಗುತ್ತಾ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಹೌದು ಅಂದರೆ ಬೇಡ. ಬಿಡುವ ಮೊದಲೇ ಆಸ್ಪತ್ರೆಗೆ ಕರೆತನ್ನಿ.