ಮೂರು ಬಗೆಯ ಜನ, ಮೂರು ಬಗೆಯ ಒಕ್ಕಣೆ

ಶಾಲೆಯ ಭಾಷಣ ಸ್ಪರ್ಧೆಗೆ ಪ್ರಮಾಣಪತ್ರ ಸಿದ್ಧ ಮಾಡುವ ಕೆಲಸ ಆ ವರ್ಷ ನನಗೆ ಬಂತು. ಆಫೀಸಿನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಮಾದರಿ: ‘ಸ್ಪರ್ಧೆಯಲ್ಲಿ ಭಾಗವಹಿಸಿದ್ದಕ್ಕಾಗಿ ಈ ಪ್ರಮಾಣಪತ್ರ ನೀಡಲಾಗಿದೆ.’ ಗೆದ್ದವರಿಗೂ ಅದೇ, ಸ್ವಯಂಸೇವಕ ಮಕ್ಕಳಿಗೂ ಅದೇ, ತೀರ್ಪುಗಾರರಿಗೂ ಅದೇ. ತೀರ್ಪು ಕೊಟ್ಟವರು ಸ್ಪರ್ಧೆಯಲ್ಲಿ ಭಾಗವಹಿಸಿದವರು ಹೇಗಾಗುತ್ತಾರೆ? ಮೂರನ್ನೂ ಬೇರೆ ಬೇರೆಯಾಗಿ ಬರೆಯಲು ಕೂತೆ.

ಗೆದ್ದವರದು ಸುಲಭ. ಹೆಸರು, ತರಗತಿ, ಸ್ಪರ್ಧೆ, ವಿಭಾಗ, ಸ್ಥಾನ, ದಿನಾಂಕ ಇದ್ದರೆ ಸಾಕು. ‘ಪಡೆದಿದ್ದಾರೆ’ ಎಂದು ಬರೆದರೆ ಹುಡುಗನಿಗೂ ಹುಡುಗಿಗೂ ಒಪ್ಪುತ್ತದೆ. ಹೆಸರು ಮತ್ತು ಸ್ಥಾನದ ಜಾಗ ಖಾಲಿ ಬಿಟ್ಟು, ಫಲಿತಾಂಶ ಬಂದ ಮೇಲೆ ಕೈಯಲ್ಲಿ ತುಂಬಿಸಿದೆವು. ಹಾಗೆ ಬಿಟ್ಟದ್ದು ಒಳ್ಳೆಯದೇ ಆಯಿತು. ಪ್ರೌಢಶಾಲಾ ವಿಭಾಗದಲ್ಲಿ ಇಬ್ಬರಿಗೆ ಸಮ ಅಂಕ ಬಂತು. ಇಬ್ಬರ ಪತ್ರದಲ್ಲೂ ‘ದ್ವಿತೀಯ ಸ್ಥಾನ ಹಂಚಿಕೊಂಡಿದ್ದಾರೆ’ ಎಂದು ಬರೆದೆವು.

ನಾನು ಜಾಸ್ತಿ ಹೊತ್ತು ಯೋಚಿಸಿದ್ದು ಸ್ವಯಂಸೇವಕರ ಬಗ್ಗೆ. ‘ಉತ್ತಮ ಸೇವೆ ಸಲ್ಲಿಸಿದ್ದಾರೆ’ ಅಂತ ಸುಮ್ನೆ ಬರೆದರೆ ಆ ಮಗು ಏನು ಮಾಡಿತು ಅಂತ ಯಾರಿಗೂ ತಿಳಿಯುವುದಿಲ್ಲ. ಎಂಟನೇ ತರಗತಿಯ ಒಬ್ಬ ಹುಡುಗಿ ಬೆಳಗಿನಿಂದ ಗಡಿಯಾರ ನೋಡುತ್ತಾ ಕೂತಿದ್ದಳು. ನಾಲ್ಕನೇ ನಿಮಿಷಕ್ಕೆ ಒಂದು ಗಂಟೆ, ಐದಕ್ಕೆ ಎರಡು ಗಂಟೆ ಬಾರಿಸುವುದು ಅವಳ ಹೊಣೆ. ಅವಳ ಸ್ನೇಹಿತೆ ವೇದಿಕೆಯ ಮೇಲಿದ್ದಾಗಲೂ ಸರಿಯಾದ ಹೊತ್ತಿಗೇ ಬಾರಿಸಿದಳು. ಅವಳ ಪತ್ರದಲ್ಲಿ ಹೀಗಿತ್ತು: ‘ಭಾಷಣ ಸ್ಪರ್ಧೆಯಲ್ಲಿ ಸ್ವಯಂಸೇವಕಿಯಾಗಿ ಸಮಯಪಾಲನೆಯ ಹೊಣೆಯನ್ನು ಶಿಸ್ತಿನಿಂದ ನಿರ್ವಹಿಸಿದ್ದಾರೆ.’ ಉಳಿದವರಿಗೂ ಹಾಗೆಯೇ, ಹೆಸರು ನೋಂದಣಿ, ಆಸನ ವ್ಯವಸ್ಥೆ, ಧ್ವನಿವರ್ಧಕ ಎಂದು ಅವರವರ ಕೆಲಸ ಸೇರಿಸಿದೆವು. ಇದಕ್ಕೆ ಯಾರಿಗೆ ಯಾವ ಕೆಲಸ ಎಂಬ ಪಟ್ಟಿ ಮೊದಲೇ ಕೈಯಲ್ಲಿರಬೇಕು. ಕೊನೆಯ ಗಳಿಗೆಯಲ್ಲಿ ಕೆಲಸ ಅದಲು ಬದಲಾದರೆ ಪಟ್ಟಿಯನ್ನೂ ತಿದ್ದಬೇಕು.

ಅತಿಥಿ ತೀರ್ಪುಗಾರರಿಗೆ ‘ಪ್ರಮಾಣೀಕರಿಸಲಾಗಿದೆ’ ಎನ್ನುವುದು ನನಗೆ ಸರಿ ಕಾಣಲಿಲ್ಲ. ಅವರ ಅರ್ಹತೆಗೆ ಶಾಲೆ ಪ್ರಮಾಣ ಕೊಡುವುದು ಏನಿದೆ? ಹಾಗಾಗಿ ತಲೆಬರಹವನ್ನೇ ‘ಕೃತಜ್ಞತಾ ಪತ್ರ’ ಎಂದು ಬದಲಿಸಿ, ನೇರವಾಗಿ ಅವರನ್ನೇ ಮಾತಾಡಿಸಿದೆ: ‘ನಮ್ಮ ಆಹ್ವಾನ ಮನ್ನಿಸಿ ಬಂದು, ಪ್ರೌಢಶಾಲಾ ವಿಭಾಗದ ತೀರ್ಪುಗಾರರಾಗಿ ಸಹಕರಿಸಿದ ತಮಗೆ ಶಾಲೆಯ ಪರವಾಗಿ ಹೃತ್ಪೂರ್ವಕ ಕೃತಜ್ಞತೆಗಳು.’ ಮಕ್ಕಳಿಗೆ ಕೊಟ್ಟ ಸಲಹೆಯ ಬಗ್ಗೆಯೂ ಒಂದು ಸಾಲು ಸೇರಿಸಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಪತ್ರ ಅಚ್ಚಾಗುವುದು ಹಿಂದಿನ ದಿನ. ಅವರು ಮಾತಾಡುತ್ತಾರೋ ಇಲ್ಲವೋ ಆಗ ಗೊತ್ತಿರುವುದಿಲ್ಲ, ಅಲ್ವಾ? ಆ ಸಾಲು ಬಿಟ್ಟೆ. ಹೆಸರು, ಇನಿಶಿಯಲ್, ಹುದ್ದೆಯನ್ನು ಅವರಿಗೇ ಫೋನ್ ಮಾಡಿ ಕೇಳಿಕೊಂಡೆ.

ಕೊನೆಗೆ ಸಹಿ. ಗೆದ್ದವರ ಪತ್ರಕ್ಕೆ ಮುಖ್ಯ ಶಿಕ್ಷಕರ ಜೊತೆ ತೀರ್ಪುಗಾರರೂ ಸಹಿ ಹಾಕುತ್ತಾರೆ. ಹಳೆಯ ಮಾದರಿಯಲ್ಲಿ ತೀರ್ಪುಗಾರರ ಪತ್ರದ ಕೆಳಗೂ ‘ತೀರ್ಪುಗಾರರ ಸಹಿ’ ಎಂಬ ಗೆರೆ ಇತ್ತು. ತಮಗೆ ತಾವೇ ಸಹಿ ಹಾಕಿಕೊಳ್ಳುವಂತೆ! ಅದನ್ನು ತೆಗೆದು, ಮುಖ್ಯ ಶಿಕ್ಷಕರ ಸಹಿಯ ಜಾಗ ಮಾತ್ರ ಉಳಿಸಿದೆ.