ಮೈಸೂರಿನಿಂದ ಹೈದರಾಬಾದ್‌ಗೆ ಹಾರಾಟ: ಎಷ್ಟು ಹೊತ್ತು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ

ಮಂಡಕಳ್ಳಿಯಿಂದ ಹೈದರಾಬಾದ್‌ಗೆ ಹೊರಟಾಗ ಮಂಡ್ಯದ ನಮ್ಮ ಭಾವ ಫೋನ್ ಮಾಡಿ, "ಏಳ್ನೂರು ಕಿಲೋಮೀಟರ್ ಅಲ್ವಾ, ವಿಮಾನ ಗಂಟೆಗೆ ಎಂಟ್ನೂರೈವತ್ತು ಹೋಗತ್ತೆ, ಐವತ್ತು ನಿಮಿಷಕ್ಕೆ ಇಳಿದುಬಿಡ್ತೀಯ" ಅಂದರು. ಟಿಕೆಟ್ ನೋಡಿದರೆ ಅದರ ಎರಡರಷ್ಟು ಹೊತ್ತು ಬರೆದಿತ್ತು. ಭಾವನ ಭಾಗಾಕಾರ ಸರಿಯಾಗಿಯೇ ಇತ್ತು, ಹಾಕಿಕೊಂಡ ಸಂಖ್ಯೆಗಳು ಬೇರೆ ಆಗಬೇಕಿತ್ತು.

ಮೊದಲು ದೂರ. ಏಳ್ನೂರು ಅನ್ನೋದು ರಸ್ತೆಯ ಲೆಕ್ಕ. ವಿಮಾನಕ್ಕೆ ನೇರ ದೂರ ಬೇಕು, ಅದು ಮೈಸೂರು–ಹೈದರಾಬಾದ್ ಮಧ್ಯೆ ಸುಮಾರು 590 ಕಿ.ಮೀ. ಗೂಗಲ್ ಮ್ಯಾಪ್‌ನಲ್ಲಿ ಎರಡು ವಿಮಾನ ನಿಲ್ದಾಣಗಳ ಮಧ್ಯೆ ಗೆರೆ ಎಳೆದು ಅಳೆಯುವ ಸೌಲಭ್ಯ ಇದೆ, ಅದೇ ಸಾಕು.

ಆಮೇಲೆ ವೇಗ. ಇಲ್ಲೇ ಜಾಸ್ತಿ ಜನ ತಪ್ಪೋದು. ಎಂಟ್ನೂರು ಚಿಲ್ಲರೆ ಅನ್ನೋದು ಜೆಟ್ ವಿಮಾನದ ವೇಗ. ನಮ್ಮ ಮೈಸೂರಿನ ರನ್‌ವೇ ಸುಮಾರು 1,740 ಮೀಟರ್, ಹಾಗಾಗಿ ಇಲ್ಲಿಗೆ ಬರುವುದು ಎಟಿಆರ್ 72, ರೆಕ್ಕೆಯ ಕೆಳಗೆ ಫ್ಯಾನ್ ತಿರುಗುವ ಚಿಕ್ಕ ವಿಮಾನ. ಹಿಂದಿನ ಬಾಗಿಲಿನ ಪುಟ್ಟ ಮೆಟ್ಟಿಲು ಹತ್ತಿ ತಲೆ ತಗ್ಗಿಸಿ ಒಳಗೆ ಹೋಗಬೇಕು. ಅದು ಮೇಲೆ ಹೋಗಿ ಒಂದೇ ಸಮ ಹಾರುವಾಗ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. 590ನ್ನು 500ರಿಂದ ಭಾಗಿಸಿದರೆ ಸುಮಾರು 70 ನಿಮಿಷ ಬಂತು.

ಇದಕ್ಕೆ ಇನ್ನು ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು ಸೇರಿಸಬೇಕು. ಟಿಕೆಟ್‌ನಲ್ಲಿರುವ ಹೊತ್ತು ಚಕ್ರ ನೆಲ ಬಿಟ್ಟಾಗಿನಿಂದ ಶುರುವಾಗಲ್ಲ, ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಹಿಡಿದು ಅಲ್ಲಿ ಹೋಗಿ ನಿಲ್ಲುವ ತನಕ ಲೆಕ್ಕ. ಮೈಸೂರಿನಲ್ಲಿ ಗದ್ದಲ ಇಲ್ಲ, ಹೊರಟು ರನ್‌ವೇ ಸೇರಿ ಹಾರುವ ತನಕ ಹತ್ತು ನಿಮಿಷ ಇಟ್ಟುಕೊಳ್ಳಿ. ಶಂಶಾಬಾದ್‌ನಲ್ಲಿ ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಐದಾರು ನಿಮಿಷ.

ಏರುವ ಲೆಕ್ಕ ಸ್ವಲ್ಪ ಗಮನ ಇಟ್ಟು ಹಾಕಬೇಕು. ಎಟಿಆರ್ ತನ್ನ ಎತ್ತರ ಮುಟ್ಟೋಕೆ ಹದಿನೆಂಟು ನಿಮಿಷ ತಗೊಂಡಿತು ಅಂದುಕೊಳ್ಳಿ. ಹಾಗಂತ 70ಕ್ಕೆ ಪೂರ್ತಿ ಹದಿನೆಂಟು ಸೇರಿಸಬಾರದು, ಯಾಕಂದ್ರೆ ಏರುವಾಗಲೂ ಅದು ಮುಂದಕ್ಕೆ ಹೋಗ್ತಾನೇ ಇರುತ್ತದೆ. ಏರುವಾಗಿನ ವೇಗ ಗಂಟೆಗೆ ಸುಮಾರು 350 ಅಂದರೆ ಆ ಹೊತ್ತಿನಲ್ಲಿ 105 ಕಿ.ಮೀ. ಮುಗಿದಿರುತ್ತದೆ. ಪೂರ್ತಿ ವೇಗದಲ್ಲಿ ಅಷ್ಟು ದೂರಕ್ಕೆ ಹದಿಮೂರು ನಿಮಿಷ ಬೇಕಿತ್ತು. ಅಂದರೆ ನಷ್ಟ ಬರೀ ಐದು ನಿಮಿಷ, ಸೇರಿಸಬೇಕಾದ್ದು ಅದನ್ನೇ. ಇಳಿಯುವಾಗ ನಷ್ಟ ಇನ್ನೂ ಜಾಸ್ತಿ. ಇಳಿಯೋದೇ ನಿಧಾನ ಅಂತಲ್ಲ, ಕೊನೆಯಲ್ಲಿ ವೇಗ ತಗ್ಗಿಸಿ, ಸುತ್ತು ಹಾಕಿ, ಮುಂದಿನ ವಿಮಾನದ ಹಿಂದೆ ಸಾಲಾಗಿ ಬರಬೇಕು. ಅದಕ್ಕೆ ಹತ್ತು ನಿಮಿಷ.

ಎಲ್ಲ ಕೂಡಿಸಿದರೆ ಮೇಲುಖರ್ಚು ಅರ್ಧ ಗಂಟೆ, ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಇದೇ ದೂರಕ್ಕೆ ಗಂಟೆಗೆ 830 ಕಿ.ಮೀ. ಹೋಗುವ ಜೆಟ್ ಹೋದರೂ ಹಾರಾಟಕ್ಕೆ 43 ನಿಮಿಷ ಹಿಡಿದು, ಅದೇ ಅರ್ಧ ಗಂಟೆ ಸೇರಿ ಒಂದೂಕಾಲು ಗಂಟೆ ಹತ್ತಿರ ಬರುತ್ತದೆ. ಹತ್ತಿರದ ಊರಿಗೆ ವೇಗಕ್ಕಿಂತ ಈ ಅರ್ಧ ಗಂಟೆಯೇ ದೊಡ್ಡದು. ಬೆಂಗಳೂರು–ದೆಹಲಿಗೆ ನೇರ ದೂರ 1,710 ಕಿ.ಮೀ., 830ರಿಂದ ಭಾಗಿಸಿದರೆ ಎರಡು ಗಂಟೆ ಮೇಲೆ ನಾಲ್ಕು ನಿಮಿಷ. ಅಲ್ಲಿ ಅರ್ಧ ಗಂಟೆ ಅಷ್ಟೊಂದು ಕಾಣಲ್ಲ, ಆದರೆ ದಾರಿ ಗೆರೆ ಎಳೆದ ಹಾಗೆ ನೇರ ಇರಲ್ಲ, ಜೊತೆಗೆ ದೆಹಲಿಯಲ್ಲಿ ನೆಲದ ಮೇಲೇ ಸಾಕಷ್ಟು ಹೊತ್ತು ಓಡಾಡಿಸುತ್ತಾರೆ. ಎರಡಕ್ಕೂ ಸೇರಿ ಇನ್ನೊಂದು ಹತ್ತು ಹದಿನೈದು ನಿಮಿಷ ಹಾಕಿ.

ಗಾಳಿ ಎದುರಿಗೆ ಬಂದರೆ ಲೆಕ್ಕ ಕೆಡುತ್ತದೆ. ಎಟಿಆರ್ ನಿಧಾನದ್ದಾದ್ದರಿಂದ ಅದಕ್ಕೆ ಏಟು ಜಾಸ್ತಿ: 40 ಕಿ.ಮೀ. ಎದುರುಗಾಳಿ ಇದ್ದರೆ 70 ನಿಮಿಷದ ದಾರಿ 77 ಆಗುತ್ತದೆ. ಟಿಕೆಟ್‌ನ ಹೊತ್ತು ನಮ್ಮ ಲೆಕ್ಕಕ್ಕಿಂತ ಐದ್ಹತ್ತು ನಿಮಿಷ ಜಾಸ್ತಿ ಇದ್ದರೆ ಇಂಥದ್ದಕ್ಕೆ ಅಂತ ಮೊದಲೇ ಬಿಟ್ಟ ಜಾಗ ಅದು. ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಧ್ಯೆ ಎಲ್ಲೋ ನಿಂತು ಹೋಗುವ ವಿಮಾನ ಇರಬಹುದು, ಬುಕ್ ಮಾಡುವ ಮುಂಚೆ ನೋಡಿ.

ಹೈದರಾಬಾದ್‌ನಿಂದ ಮುಂದಕ್ಕೆ ಇನ್ನೊಂದು ವಿಮಾನ ಹಿಡಿಯೋರು ನಮ್ಮ ಈ ಲೆಕ್ಕ ಬಿಟ್ಟು ಟಿಕೆಟ್‌ನ ಹೊತ್ತನ್ನೇ ನಂಬಿ. ಕರೆದುಕೊಂಡು ಹೋಗೋಕೆ ಯಾರಾದರೂ ಬರುವುದಿದ್ದರೆ ಆ ಹೊತ್ತಿಗೆ ಇನ್ನೂ ಇಪ್ಪತ್ತು ನಿಮಿಷ ಸೇರಿಸಿ ಹೇಳಿ, ಬ್ಯಾಗ್ ಬರಬೇಕಲ್ಲ.