ನೆನೆದ 28 ಮೂಟೆ ಅಡಿಕೆ ಮತ್ತು ಎರಡನೇ ಇಮೇಲ್

ಜುಲೈ 9ರ ರಾತ್ರಿ ಶಿರಿಯ ಹೊಳೆ ಉಕ್ಕಿ, ಕುಂಬಳೆ ಹತ್ತಿರದ ನಮ್ಮ ಅಡಿಕೆ ಗೋದಾಮಿಗೆ ನೀರು ನುಗ್ಗಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹುಳಿ ವಾಸನೆ. ಗೋಡೆಯಲ್ಲಿ ಕೆಸರಿನ ಗೆರೆ ನನ್ನ ಮೊಣಕಾಲಿಗಿಂತ ಮೇಲಿತ್ತು. 14 ಅಟ್ಟಿಗಳಲ್ಲಿ ಕೆಳಗಿನ ಎರಡೆರಡು ಮೂಟೆ ನೆನೆದಿದ್ದವು. ಒಟ್ಟು 28.

ಗಾಬರಿಯಲ್ಲಿ ವಿಮಾ ಕಂಪನಿಗೆ ಆಗಲೇ ಇಮೇಲ್ ಹಾಕಿದೆ: 'ಪ್ರವಾಹದಲ್ಲಿ ಅಡಿಕೆ ಹಾಳಾಗಿದೆ, ಸುಮಾರು 8 ಲಕ್ಷ ನಷ್ಟ.' ಬೇಗ ತಿಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಆ 8 ಲಕ್ಷಕ್ಕೆ ಆಧಾರವೇ ಇರಲಿಲ್ಲ.

ಸಂಜೆ ಲೆಕ್ಕಪತ್ರ ನೋಡುವ ಭಾವ ಬಂದರು. "ಇದು ನೀನು ಮಾರುವ ರೇಟು ಅಲ್ವಾ ಮಾರಾಯ? ಕೊಂಡ ರೇಟು ಹಾಕು. ಬಾರದ ಲಾಭವನ್ನು ಅವರು ಕೊಡುವುದಿಲ್ಲ" ಎಂದರು. ಮೂಟೆಗೆ 65 ಕಿಲೋ. 28 ಮೂಟೆ ಅಂದರೆ 1,820 ಕಿಲೋ. ಬಿಲ್ಲುಗಳ ಸರಾಸರಿ ಕಿಲೋಗೆ 390 ರೂಪಾಯಿ. 7,09,800 ಆಯಿತು.

ಇನ್ನೊಂದು ತೊಡಕಿತ್ತು. ಜೂನ್ 30ಕ್ಕೆ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ 80 ಮೂಟೆ ಇತ್ತು. ಗೋದಾಮಿನಲ್ಲಿ ಇದ್ದದ್ದು 70. ಜುಲೈ 4ಕ್ಕೆ 10 ಮೂಟೆ ಮಾರಿದ್ದೆ. ಆ ಬಿಲ್ಲು ಜತೆಗೆ ಇಡದಿದ್ದರೆ ಎರಡು ಕಾಗದಗಳು ತಾಳೆ ಆಗುವುದಿಲ್ಲ, ನಷ್ಟ ಅಳೆಯಲು ಬರುವ ವಿಮೆಯ ಸರ್ವೇಯರ್‌ಗೆ ಸಂಶಯ ಬರುವುದು ಸಹಜ. ಹಾಗಾಗಿ ಎರಡನೇ ಇಮೇಲಿನಲ್ಲಿ ಇಡೀ ಲೆಕ್ಕವನ್ನೇ ಬರೆದೆವು: 'ಏಪ್ರಿಲ್ 1ಕ್ಕೆ 2,600 ಕಿಲೋ ಇತ್ತು. ಆಮೇಲೆ 7,400 ಕಿಲೋ ಖರೀದಿ, 5,450 ಕಿಲೋ ಮಾರಾಟ. ಪ್ರವಾಹದ ದಿನ 4,550 ಕಿಲೋ, ಅಂದರೆ 70 ಮೂಟೆ. ನೆನೆದದ್ದು 28, ಒಣಗಿರುವುದು 42.' ವಿಷಯದ ಸಾಲಿನಲ್ಲಿ ಪಾಲಿಸಿ ನಂಬರ್ ಹಾಕಿದೆವು. ಸ್ಟಾಕ್ ರಿಜಿಸ್ಟರ್, ಖರೀದಿ ಮತ್ತು ಮಾರಾಟದ ಬಿಲ್ಲು, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ವಿಲೇಜ್ ಆಫೀಸಿನ ಪತ್ರ ಸೇರಿಸಿದೆವು. ಗೋಡೆಯ ಕೆಸರಿನ ಗೆರೆಗೆ ಟೇಪ್ ಹಿಡಿದು ತೆಗೆದ ಫೋಟೋ ಕೂಡ ಇತ್ತು.

ನೆನೆದ ಮಾಲನ್ನು ಎಸೆಯಲಿಲ್ಲ. ಕೆಲಸದವರು ನಾರುತ್ತದೆ ಅಂತ ಹೊರಗೆ ಹಾಕಲು ಹೊರಟಾಗ ನಾನೇ ತಡೆದೆ. ಒಣ ಮೂಟೆಗಳನ್ನು ಬೇರೆ ಕಡೆಗೆ ಸಾಗಿಸಿ, ನೆನೆದವನ್ನು ಎಣಿಕೆಗೆ ಸಿಗುವ ಹಾಗೆ ಇಟ್ಟೆವು. ಸರ್ವೇಯರ್ ಬಂದು ಒಂದೊಂದೇ ಮೂಟೆ ಎಣಿಸಿದರು. ನಾಲ್ಕಾರು ಮೂಟೆಯಿಂದ ಅಡಿಕೆ ತೆಗೆದು ಕತ್ತರಿಯಲ್ಲಿ ಸೀಳಿಸಿದರು. ಬಿಳಿ ತಿರುಳಿನ ಒಳಗೆ ಕಪ್ಪು ಹರಡಿತ್ತು. "ಇದನ್ನು ಕಡಿಮೆ ದರ್ಜೆಗಾದರೂ ಯಾರಾದರೂ ಕೊಳ್ತಾರಾ?" ಎಂದು ಕೇಳಿದರು. ಡ್ರೈಯರಿನಲ್ಲಿ ಒಣಗಿಸಿ ಕೊಟ್ಟದ್ದಕ್ಕೆ 1,50,000 ಸಿಕ್ಕಿತು. ಅದನ್ನು ಕಳೆದರು. ಉಳಿದ 5,59,800ರಲ್ಲಿ ನಮ್ಮ ಪಾಲಿಸಿಯ ಪ್ರಕಾರ ನಾವೇ ಹೊರಬೇಕಾದ ಶೇಕಡಾ 5ರ ಎಕ್ಸೆಸ್ ಹೋಗಿ 5,31,810 ರೂಪಾಯಿ ಖಾತೆಗೆ ಬಂತು.

ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನ 80 ಮೂಟೆ ಬಗ್ಗೆ ಸರ್ವೇಯರ್ ಕೇಳಿದರು. ನಾನು ಜುಲೈ 4ರ ಬಿಲ್ಲು ತೋರಿಸಿದೆ. ಅಷ್ಟಕ್ಕೆ ಮುಗಿಯಿತು.